ಮಾಸು (ಜರಾಯು)

ಬಸಿರಿನ ಕಾಲದಲ್ಲಿ ಗರ್ಭಕೋಶದ ಒಳಗೋಡೆಗೆ ಕಚ್ಚಿಕೊಂಡು ಬೆಳೆದು, ಹೊಕ್ಕುಳಬಳ್ಳಿಯ ಮೂಲಕ ಮಗುವಿಗೆ ಸೇರಿಕೊಂಡಿರುವ ಅಂಗಕ್ಕೆ ಮಾಸು ಎಂದು ಹೆಸರು. ವೈದ್ಯಗ್ರಂಥಗಳಲ್ಲಿ ಇದು ಜರಾಯು. ಹೆರಿಗೆಯ ಕೋಣೆಯಲ್ಲೂ ದನದ ಕೊಟ್ಟಿಗೆಯಲ್ಲೂ ಮಾಸು ಎಂಬ ಮಾತೇ ಬಳಕೆ. ದಿನ ತುಂಬಿದ ಬಸಿರಿನಲ್ಲಿ ಇದರ ತೂಕ ಸುಮಾರು 500 ಗ್ರಾಂ, ಅಗಲ 20ರಿಂದ 22 ಸೆಂ.ಮೀ., ನಡುಭಾಗದ ದಪ್ಪ ಎರಡೂವರೆ ಸೆಂ.ಮೀ. ಇರುತ್ತದೆ. ತಾಯಿಯ ಕಡೆಗಿನ ಮೈ ಕಡುಗೆಂಪಾಗಿ, ಹದಿನೈದಿಪ್ಪತ್ತು ಹಾಲೆಗಳಾಗಿ ಸೀಳಿಕೊಂಡು ಒರಟಾಗಿರುತ್ತದೆ. ಮಗುವಿನ ಕಡೆಗಿನ ಮೈ ನುಣುಪು. ಅದರ ಮೇಲೆ ಹೊಳೆಯುವ ಪೊರೆ, ಪೊರೆಯಡಿ ಹೊಕ್ಕುಳಬಳ್ಳಿಯ ಬುಡದಿಂದ ಅಂಚಿನವರೆಗೆ ಕವಲೊಡೆದ ರಕ್ತನಾಳಗಳು ಎದ್ದು ಕಾಣುತ್ತವೆ.

ಮಾಸು ತಾಯಿಯ ದೇಹದ್ದೆಂಬ ಎಣಿಕೆ ಸಾಮಾನ್ಯ. ನಿಜದಲ್ಲಿ ಅದರ ಬಹುಪಾಲು ಮಗುವಿನದು. ಮಗುವಾಗಿ ಬೆಳೆಯುವ ಅದೇ ಫಲಿತ ಅಂಡದಿಂದ ಹುಟ್ಟಿದ್ದು. ತಾಯಿಯ ಪಾಲೆಂದರೆ ಅದು ಕಚ್ಚಿಕೊಂಡ ಗರ್ಭಕೋಶದ ಒಳಪದರ ಮತ್ತು ಅದರೊಳಗೆ ಬಂದು ಹೋಗುವ ರಕ್ತ. ತಾಯಿಯ ರಕ್ತವೇ ನೇರವಾಗಿ ಮಗುವಿನ ಮೈಯಲ್ಲಿ ಹರಿಯುತ್ತದೆಂಬುದು ಇನ್ನೊಂದು ಹಳೆಯ ನಂಬಿಕೆ. 1754ರಲ್ಲಿ ಲಂಡನ್ನಿನ ಜಾನ್ ಹಂಟರ್ ಮತ್ತು ಕಾಲಿನ್ ಮ್ಯಾಕೆಂಜಿ, ಬಸಿರಿನಲ್ಲೇ ತೀರಿಕೊಂಡ ಹೆಂಗಸೊಬ್ಬಳ ಗರ್ಭಕೋಶದ ನಾಳಗಳಿಗೆ ಬಣ್ಣದ ಮೇಣ ತುಂಬಿ ನೋಡಿದರು. ತಾಯಿಯ ನಾಳಗಳಿಂದ ಹೋದ ಮೇಣ ಮಾಸಿನ ಒಳಗಿನ ಸಂದುಗಳಲ್ಲಿ ತುಂಬಿಕೊಂಡಿತೇ ಹೊರತು ಮಗುವಿನ ನಾಳಗಳಿಗೆ ದಾಟಲಿಲ್ಲ. ಎರಡು ರಕ್ತಗಳು ಒಂದರ ಪಕ್ಕದಲ್ಲಿ ಒಂದು ಹರಿಯುತ್ತವೆ, ಬೆರೆಯುವುದಿಲ್ಲ. ಮಾಸಿನ ಕೆಲಸವನ್ನೆಲ್ಲ ಅರಿಯಲು ಈ ಒಂದು ಸಂಗತಿಯೇ ತಳಹದಿ.

ಹೇಗೆ ರೂಪುಗೊಳ್ಳುತ್ತದೆ

ಅಂಡ ಫಲಿತವಾದ ಐದನೆಯ ದಿನದ ಹೊತ್ತಿಗೆ ಭ್ರೂಣವೆಂದರೆ ನೀರು ತುಂಬಿದ ಒಂದು ಪುಟ್ಟ ಗುಳ್ಳೆ. ಒಳಗೆ ಒಂದು ಮೂಲೆಯಲ್ಲಿ ಗುಂಪುಗೂಡಿದ ಕೋಶಗಳು ಮುಂದೆ ಮಗುವಾಗುತ್ತವೆ. ಹೊರಸುತ್ತಿನ ಕೋಶಗಳಿಗೆ ಟ್ರೋಫೋಬ್ಲಾಸ್ಟ್ ಎಂದು ಹೆಸರು, ಅವು ಮಾಸಾಗುತ್ತವೆ. ಅಂದರೆ ಮಗುವಿಗೆ ಕೈಕಾಲು, ಹೃದಯ ಯಾವುದೂ ಮೂಡುವ ಮೊದಲೇ ಯಾವ ಕೋಶ ಮಾಸಿಗೆ, ಯಾವುದು ಮಗುವಿಗೆ ಎಂಬ ಪಾಲು ಮುಗಿದಿರುತ್ತದೆ.

ಆರೇಳನೆಯ ದಿನ ಈ ಗುಳ್ಳೆ ಗರ್ಭಕೋಶದ ಒಳಪದರಕ್ಕೆ ತಾಗಿ ಒಳಗೆ ಕೊರೆಯತೊಡಗುತ್ತದೆ. ಹತ್ತು ಹನ್ನೆರಡು ದಿನಕ್ಕೆ ಪೂರ್ತಿ ಹುದುಗಿಬಿಡುತ್ತದೆ. ಕೊರೆಯುವ ಕೆಲಸ ಮಾಡುವುದು ಒಂದು ವಿಚಿತ್ರ ಪದರ. ಟ್ರೋಫೋಬ್ಲಾಸ್ಟ್ ಕೋಶಗಳು ತಮ್ಮ ನಡುವಿನ ಗೋಡೆಗಳನ್ನು ಕಳೆದುಕೊಂಡು ಒಂದರೊಳಗೊಂದು ಕರಗಿ, ಲೆಕ್ಕವಿಲ್ಲದಷ್ಟು ಕೋಶಕೇಂದ್ರಗಳಿರುವ ಒಂದೇ ಅಖಂಡ ಹಾಳೆಯಾಗುತ್ತವೆ. ಇದು ಸಿನ್ಸಿಷಿಯಂ ಪದರ. ಕೋಶ ಕೋಶಗಳ ನಡುವೆ ಸಂದೇ ಇಲ್ಲದ್ದರಿಂದ ತಾಯಿಯ ರಕ್ತದ ಬಿಳಿಕೋಶಗಳಾಗಲಿ ಹೆಚ್ಚಿನ ರೋಗಾಣುಗಳಾಗಲಿ ಸುಲಭವಾಗಿ ನುಸುಳಲಾರವು. ಕೋಶಗಳನ್ನು ಹೀಗೆ ಬೆಸೆಯುವ ಪ್ರೋಟೀನಿನ ಹೆಸರು ಸಿನ್ಸಿಟಿನ್. ಅದರ ಜೀನ್ ಮೂಲದಲ್ಲಿ ನಮ್ಮದಲ್ಲ. ಕೋಟ್ಯಂತರ ವರ್ಷಗಳ ಹಿಂದೆ ನಮ್ಮ ಪೂರ್ವಜ ಪ್ರಾಣಿಗಳಿಗೆ ಸೋಂಕಿದ ರೆಟ್ರೊವೈರಸ್ಸೊಂದರ ಹೊರಕವಚದ ಜೀನ್ ಅದು, ವಂಶವಾಹಿಯಲ್ಲೇ ಉಳಿದುಬಿಟ್ಟಿದೆ. ಇದು ಬೆಳಕಿಗೆ ಬಂದದ್ದು 2000ದಲ್ಲಿ. ವೈರಸ್ಸು ತಾನು ಹೊಕ್ಕುವ ಕೋಶಕ್ಕೆ ಬೆಸೆದುಕೊಳ್ಳಲು ಬಳಸುತ್ತಿದ್ದ ಉಪಾಯವೇ ಇಲ್ಲಿ ಮಗುವಿನ ಹೊರಬೇಲಿಯನ್ನು ಕಟ್ಟಲು ಒದಗಿದೆ.

ಒಂಬತ್ತನೆಯ ದಿನದ ಹೊತ್ತಿಗೆ ಈ ಹಾಳೆಯೊಳಗೆ ಸಣ್ಣ ಸಣ್ಣ ಕುಳಿಗಳು ಮೂಡುತ್ತವೆ. ಕುಳಿಗಳ ನಡುವಿನ ಕಂಬಗಳಿಂದ ಬೆರಳಿನಾಕಾರದ ಚಾಚುಗಳು ಹೊರಟು ಕವಲೊಡೆಯುತ್ತವೆ, ಇವೇ ವಿಲ್ಲಸ್‌ಗಳು. ಮೂರನೆಯ ವಾರದ ಕೊನೆಗೆ ಅವುಗಳ ಒಳಗೆ ಮಗುವಿನ ರಕ್ತನಾಳಗಳು ಮೂಡಿರುತ್ತವೆ. ಸರಿಸುಮಾರು ಅದೇ ಹೊತ್ತಿಗೆ, 22ನೆಯ ದಿನದ ಸುಮಾರಿಗೆ, ಮಗುವಿನ ಹೃದಯ ಮಿಡಿಯತೊಡಗುತ್ತದೆ. ಆಸ್ಪತ್ರೆಯ ಲೆಕ್ಕ ಕೊನೆಯ ಮುಟ್ಟಿನ ದಿನದಿಂದ ಹಿಡಿಯುವುದರಿಂದ ಅಲ್ಲಿ ಇದನ್ನೇ ಐದು ವಾರ ದಾಟಿದ ಬಸಿರು ಎನ್ನುತ್ತಾರೆ. ಇಲ್ಲಿಂದ ಮುಂದೆ ಹೇಳುವ ವಾರಗಳೆಲ್ಲ ಆಸ್ಪತ್ರೆಯ ಲೆಕ್ಕದವು.

ಇನ್ನು ತಾಯಿಯ ರಕ್ತ. ಮೊದಲ ಮೂರು ತಿಂಗಳೂ ಅದು ಮಾಸಿನೊಳಗೆ ಧಾರಾಳವಾಗಿ ಹರಿಯುತ್ತದೆಂದು ಬಹುಕಾಲ ನಂಬಿದ್ದರು. ಹಾಗಿಲ್ಲ. ಗರ್ಭಕೋಶದ ಗೋಡೆಯಲ್ಲಿ ಸುರುಳಿ ಸುತ್ತಿಕೊಂಡು ಬರುವ ಕಿರುಧಮನಿಗಳ ಬಾಯಿಗೆ ಟ್ರೋಫೋಬ್ಲಾಸ್ಟ್ ಕೋಶಗಳೇ ಹೋಗಿ ಬಿರಡೆಯಂತೆ ಕೂತಿರುತ್ತವೆ. ರಕ್ತಕಣಗಳು ಒಳಗೆ ಬರುವುದು ಬಲು ಕಡಿಮೆ. ಆ ವಾರಗಳಲ್ಲಿ ಭ್ರೂಣಕ್ಕೆ ಆಹಾರ ಸಿಗುವುದು ಗರ್ಭಕೋಶದ ಗ್ರಂಥಿಗಳು ಒಸರುವ ಸಕ್ಕರೆ, ಕೊಬ್ಬು, ಪ್ರೋಟೀನುಗಳಿರುವ ರಸದಿಂದ. ಆಮ್ಲಜನಕವೂ ತೀರ ಕಡಿಮೆ: ಎಂಟನೆಯ ವಾರದಲ್ಲಿ ಮಾಸಿನೊಳಗೆ ಅದರ ಒತ್ತಡ ಸುಮಾರು 20 ಮಿ.ಮೀ. ಪಾದರಸ. ಅವಯವಗಳು ರೂಪ ತಾಳುವ ಆ ನಾಜೂಕಿನ ಹೊತ್ತಿನಲ್ಲಿ ಅತಿಯಾದ ಆಮ್ಲಜನಕ ಕೋಶಗಳನ್ನು ಸುಡಬಲ್ಲದು, ಆದ್ದರಿಂದ ಈ ಕೊರತೆ ರಕ್ಷಣೆಯೇ ಎಂದು ತಜ್ಞರು ತಿಳಿಯುತ್ತಾರೆ. ಹತ್ತರಿಂದ ಹನ್ನೆರಡನೆಯ ವಾರದೊಳಗೆ ಬಿರಡೆಗಳು ಸಡಿಲವಾಗಿ ರಕ್ತ ನುಗ್ಗುತ್ತದೆ. ಆಮ್ಲಜನಕದ ಒತ್ತಡ ಎರಡು ಮೂರು ಪಟ್ಟು ಏರುತ್ತದೆ.

ಬಿರಡೆ ತೆಗೆದರಷ್ಟೇ ಸಾಲದು, ನಾಳಗಳೂ ಅಗಲವಾಗಬೇಕು. ಈ ಕಿರುಧಮನಿಗಳು ಸುಮಾರು ನೂರು ಇರುತ್ತವೆ. ಅವುಗಳ ಗೋಡೆಯ ಸ್ನಾಯುವನ್ನು ಟ್ರೋಫೋಬ್ಲಾಸ್ಟ್ ಕೋಶಗಳು ಒಳಹೊಕ್ಕು ಕರಗಿಸಿ, ತಾವೇ ಆ ಜಾಗದಲ್ಲಿ ನೆಲೆಸುತ್ತವೆ. ಅರ್ಧ ಮಿ.ಮೀ.ಗೂ ಕಡಿಮೆ ಅಗಲವಿದ್ದ ಬಾಯಿ ಎರಡು ಮೂರು ಮಿ.ಮೀ. ಆಗುತ್ತದೆ. ಸ್ನಾಯುವೇ ಇಲ್ಲದ್ದರಿಂದ ತಾಯಿ ಬೆದರಿದರೂ ದಣಿದರೂ ಆ ಬಾಯಿ ಮುದುಡುವುದಿಲ್ಲ. ರಕ್ತ ನಿಧಾನವಾಗಿ, ಎಡೆಬಿಡದೆ ಬರುತ್ತದೆ. ಮಗುವಿನ ಕೋಶಗಳು ತಾಯಿಯ ನಾಳವನ್ನು ತಮಗೆ ಬೇಕಾದಂತೆ ಕಟ್ಟಿಕೊಳ್ಳುವ ಈ ಕೆಲಸ ಇಪ್ಪತ್ತನೆಯ ವಾರದ ಆಚೀಚೆ ಮುಗಿಯುತ್ತದೆ. ಉಳಿದ ಬಸಿರು ಹೇಗೆ ಸಾಗುತ್ತದೆಂಬುದು ಬಹುಮಟ್ಟಿಗೆ ಇದರ ಮೇಲೆಯೇ ನಿಂತಿದೆ.

ಆಮ್ಲಜನಕ

ದಿನ ತುಂಬುವ ಹೊತ್ತಿಗೆ ಪ್ರತಿ ನಿಮಿಷಕ್ಕೂ ತಾಯಿಯ ಸುಮಾರು 600 ಮಿ.ಲೀ. ರಕ್ತ ಮಾಸಿನೊಳಗೆ ಹಾದುಹೋಗುತ್ತದೆ. ವಿಲ್ಲಸ್‌ಗಳ ನಡುವಿನ ಜಾಗ ಒಂದು ಸಲಕ್ಕೆ ಹಿಡಿಯುವುದು 150 ಮಿ.ಲೀ. ಅಷ್ಟೇ, ಅಂದರೆ ಆ ರಕ್ತವೆಲ್ಲ ನಿಮಿಷಕ್ಕೆ ಮೂರು ನಾಲ್ಕು ಸಲ ಬದಲಾಗುತ್ತದೆ. ಕವಲೊಡೆದ ವಿಲ್ಲಸ್‌ಗಳ ಮೈಯನ್ನೆಲ್ಲ ಬಿಡಿಸಿ ಹಾಸಿದರೆ 12 ಚದರ ಮೀಟರಿನಷ್ಟು, ಒಂದು ಸಾಧಾರಣ ಕೋಣೆಯ ನೆಲದಷ್ಟು ಆಗುತ್ತದೆ. ಎರಡು ರಕ್ತಗಳ ನಡುವಿನ ಗೋಡೆ ಬಸಿರು ಬೆಳೆದಂತೆ ತೆಳುವಾಗುತ್ತ ಬಂದು, ಕೊನೆಗೆ ಮಿಲಿಮೀಟರಿನ ಸಾವಿರದಲ್ಲಿ ನಾಲ್ಕು ಭಾಗದಷ್ಟೇ ಉಳಿಯುತ್ತದೆ.

ಆಮ್ಲಜನಕ ಈ ಗೋಡೆಯನ್ನು ತನ್ನಷ್ಟಕ್ಕೆ ತಾನೇ ದಾಟುತ್ತದೆ, ಹೆಚ್ಚಿರುವ ಕಡೆಯಿಂದ ಕಡಿಮೆ ಇರುವ ಕಡೆಗೆ. ತೊಡಕಿರುವುದು ಒತ್ತಡದಲ್ಲಿ. ತಾಯಿಯ ಧಮನಿಯಲ್ಲಿ 95ರಿಂದ 100 ಮಿ.ಮೀ. ಇದ್ದದ್ದು ಹೊಕ್ಕುಳಬಳ್ಳಿಯ ಸಿರೆಯಲ್ಲಿ ಮಗುವಿನ ಕಡೆಗೆ ಹೊರಡುವಾಗ ಕೇವಲ 30ರ ಆಸುಪಾಸು. (ಹೊಕ್ಕುಳಬಳ್ಳಿಯಲ್ಲಿ ಹೆಸರುಗಳು ತಿರುವುಮುರುವು: ಒಳ್ಳೆಯ ರಕ್ತ ಹೊರುವುದು ಒಂದೇ ಸಿರೆ, ಮಗುವಿನಿಂದ ಬಳಸಿದ ರಕ್ತ ತರುವುದು ಎರಡು ಧಮನಿಗಳು.) 30 ಎಂದರೆ ದೊಡ್ಡವರು ಉಸಿರುಗಟ್ಟಿ ಒದ್ದಾಡುವ ಮಟ್ಟ. ಆ ಒತ್ತಡದಲ್ಲಿ ದೊಡ್ಡವರ ಹಿಮೋಗ್ಲೋಬಿನ್ ನೂರಕ್ಕೆ 57ರಷ್ಟು ಮಾತ್ರ ತುಂಬಿಕೊಳ್ಳುತ್ತದೆ. ಮಗುವಿನ ಹಿಮೋಗ್ಲೋಬಿನ್ನಿನ ಕಟ್ಟಡ ಬೇರೆ. ಅದರಲ್ಲಿ ಬೀಟಾ ಸರಪಳಿಯ ಬದಲು ಗಾಮಾ ಸರಪಳಿ ಇರುವುದರಿಂದ ಆಮ್ಲಜನಕವನ್ನು ಬಿಗಿಯಾಗಿ ಹಿಡಿಯುತ್ತದೆ, ಅದೇ 30ರಲ್ಲಿ ನೂರಕ್ಕೆ 75ರಷ್ಟು ತುಂಬಿಕೊಳ್ಳುತ್ತದೆ. ಜೊತೆಗೆ ಅದರ ಪ್ರಮಾಣವೂ ಹೆಚ್ಚು. ಗರ್ಭಿಣಿಯಲ್ಲಿ ಡೆಸಿಲೀಟರಿಗೆ 11-12 ಗ್ರಾಂ ಇದ್ದರೆ ತೃಪ್ತಿ ಪಡುತ್ತೇವೆ; ಹುಟ್ಟುವ ಮಗುವಿನಲ್ಲಿ 16-17 ಗ್ರಾಂ ಇರುತ್ತದೆ. ಇನ್ನೊಂದು ಅನುಕೂಲವೂ ಸೇರಿಕೊಳ್ಳುತ್ತದೆ. ಮಗುವಿನ ಇಂಗಾಲದ ಡೈಆಕ್ಸೈಡ್ ತಾಯಿಯ ಕಡೆಗೆ ದಾಟುವಾಗ ತಾಯಿಯ ಹಿಮೋಗ್ಲೋಬಿನ್ನಿನ ಹಿಡಿತ ಸಡಿಲವಾಗುತ್ತದೆ, ಮಗುವಿನದು ಬಿಗಿಯಾಗುತ್ತದೆ. ಒಂದೇ ಅನಿಲದ ದಾಟುವಿಕೆಯಿಂದ ಎರಡೂ ಕಡೆ ಲಾಭ.

ಹೀಗೆ ಬಂದದ್ದೆಲ್ಲ ಮಗುವಿಗೇ ಸೇರುವುದಿಲ್ಲ. ಗರ್ಭಕೋಶ ಬಳಸುವ ಆಮ್ಲಜನಕದಲ್ಲಿ ನೂರಕ್ಕೆ 40ರಷ್ಟು ಮಾಸಿನ ಸ್ವಂತ ಖರ್ಚಿಗೇ ಹೋಗುತ್ತದೆ. ಅರ್ಧ ಕಿಲೋದ ಅಂಗಕ್ಕೆ ಇದು ಬಹಳವೆನಿಸಬಹುದು. ಅದು ಮಾಡುವ ಸಾಗಣೆ ಮತ್ತು ತಯಾರಿಕೆಯ ಕೆಲಸ ಅಷ್ಟಿದೆ.

ಆಹಾರ ಮತ್ತು ರಕ್ಷಣೆ

ಮಗುವಿನ ಮುಖ್ಯ ಇಂಧನ ಗ್ಲೂಕೋಸ್. ಅದು ಸಾಗಣೆ ಪ್ರೋಟೀನುಗಳ ಬಾಗಿಲಿನಿಂದ ಇಳಿಜಾರಿನಲ್ಲೇ ದಾಟುತ್ತದೆ. ಹಾಗಾಗಿ ಮಗುವಿನ ರಕ್ತದಲ್ಲಿ ಸಕ್ಕರೆ ಯಾವಾಗಲೂ ತಾಯಿಗಿಂತ ಸ್ವಲ್ಪ ಕಡಿಮೆ. ತಾಯಿಯ ಇನ್ಸುಲಿನ್ ಮಾತ್ರ ದಾಟುವುದಿಲ್ಲ. ತಾಯಿಗೆ ಸಕ್ಕರೆ ಏರಿದರೆ ಮಗುವಿಗೂ ಏರುತ್ತದೆ, ಅದನ್ನು ನಿಭಾಯಿಸಲು ಮಗುವಿನ ಮೇದೋಜೀರಕ ಗ್ರಂಥಿಯೇ ಹೆಚ್ಚು ಇನ್ಸುಲಿನ್ ಸುರಿಸಬೇಕು. ಇನ್ಸುಲಿನ್ ಮಗುವಿನಲ್ಲಿ ಬೆಳೆಸುವ ಹಾರ್ಮೋನ್ ಕೂಡ ಆಗಿರುವುದರಿಂದ ಅಂಥ ಮಗು ಮೈದುಂಬಿ ಹುಟ್ಟುತ್ತದೆ. ಹೊಕ್ಕುಳಬಳ್ಳಿ ಕತ್ತರಿಸಿದೊಡನೆ ಸಕ್ಕರೆಯ ಪೂರೈಕೆ ನಿಲ್ಲುತ್ತದೆ, ಇನ್ಸುಲಿನ್ ಮಾತ್ರ ಉಳಿದಿರುತ್ತದೆ. ಸಕ್ಕರೆ ಕಾಯಿಲೆಯ ತಾಯಿಯ ಮಗುವಿಗೆ ಹುಟ್ಟಿದ ಮೊದಲ ಗಂಟೆಗಳಲ್ಲಿ ಹಿಮ್ಮಡಿ ಚುಚ್ಚಿ ಸಕ್ಕರೆ ನೋಡುತ್ತಲೇ ಇರುವುದು ಇದಕ್ಕೇ.

ಅಮೈನೊ ಆಮ್ಲಗಳ ಕಥೆ ಬೇರೆ. ಅವನ್ನು ಮಾಸು ಶಕ್ತಿ ವ್ಯಯಿಸಿ ಎಳೆದುಕೊಳ್ಳುತ್ತದೆ, ಮಗುವಿನ ರಕ್ತದಲ್ಲಿ ಅವು ತಾಯಿಗಿಂತ ಹೆಚ್ಚು. ಕ್ಯಾಲ್ಸಿಯಂ, ಕಬ್ಬಿಣ ಕೂಡ ಹೀಗೇ. ದಿನ ತುಂಬಿದ ಮಗುವಿನ ಮೈಯಲ್ಲಿರುವ ಸುಮಾರು 30 ಗ್ರಾಂ ಕ್ಯಾಲ್ಸಿಯಂನಲ್ಲಿ ಬಹುಪಾಲು ಕೊನೆಯ ಮೂರು ತಿಂಗಳಲ್ಲಿ ದಾಟಿದ್ದು. ತಾಯಿಗೆ ರಕ್ತಹೀನತೆ ಇದ್ದರೂ ಮಾಸು ತನ್ನ ಪಾಲಿನ ಕಬ್ಬಿಣವನ್ನು ಎಳೆಯುವುದನ್ನು ಬಿಡುವುದಿಲ್ಲ. ಬರಿದಾಗುವುದು ಮೊದಲು ತಾಯಿಯ ದಾಸ್ತಾನು.

ರೋಗನಿರೋಧಕ ಪ್ರತಿಕಾಯಗಳಲ್ಲಿ ಐಜಿಜಿ ಬಗೆಯದಕ್ಕೆ ಮಾತ್ರ ಮಾಸಿನಲ್ಲಿ ಮೀಸಲು ಬಾಗಿಲಿದೆ. ಸಿನ್ಸಿಷಿಯಂ ಪದರ ಅದನ್ನು ಗುರುತು ಹಿಡಿದು, ಕಿರುಚೀಲದಲ್ಲಿಟ್ಟುಕೊಂಡು ಆಚೆ ಬಿಡುತ್ತದೆ. ಹೆಚ್ಚಿನದು ದಾಟುವುದು ಕೊನೆಯ ತಿಂಗಳಲ್ಲಿ. ದಿನ ತುಂಬಿದ ಮಗುವಿನಲ್ಲಿ ಐಜಿಜಿ ತಾಯಿಗಿಂತಲೂ ಮೇಲಿರುತ್ತದೆ, ಏಳು ತಿಂಗಳಿಗೆ ಹುಟ್ಟಿದ ಮಗುವಿನಲ್ಲಿ ಬಹಳ ಕಡಿಮೆ. ಗರ್ಭಿಣಿಗೆ ಕೊಡುವ ಧನುರ್ವಾಯು ಚುಚ್ಚುಮದ್ದು ಈ ದಾರಿಯನ್ನೇ ನಂಬಿದೆ: ಸೂಜಿ ತಾಯಿಯ ತೋಳಿಗೆ, ಪ್ರತಿಕಾಯ ಮಗುವಿಗೆ. ತಾಯಂದಿರಲ್ಲೂ ನವಜಾತ ಶಿಶುಗಳಲ್ಲೂ ಧನುರ್ವಾಯು ನಿರ್ಮೂಲನ ಮಟ್ಟಕ್ಕೆ ಇಳಿದಿದೆ ಎಂದು 2015ರಲ್ಲಿ ಭಾರತಕ್ಕೆ ಮನ್ನಣೆ ಸಿಕ್ಕಿತು. ಅದರಲ್ಲಿ ಮಾಸಿನ ಈ ಬಾಗಿಲಿನದೂ ಪಾಲಿದೆ. ಹಸುವಿನ ಮಾಸಿಗೆ ಈ ಸೌಕರ್ಯವಿಲ್ಲ. ಅದು ಗರ್ಭಕೋಶದೊಳಗೆ ಕೊರೆದು ತಾಯಿಯ ರಕ್ತದಲ್ಲಿ ಅದ್ದಿ ನಿಲ್ಲುವುದಿಲ್ಲ, ಗುಂಡಿಗಳಂತಿರುವ ಕೆಲವು ಕಡೆ ಮಾತ್ರ ಕಚ್ಚಿಕೊಳ್ಳುತ್ತದೆ. ನಡುವೆ ಪದರಗಳು ಹೆಚ್ಚು, ಪ್ರತಿಕಾಯ ದಾಟುವುದಿಲ್ಲ. ಕರು ರಕ್ಷಣೆಯಿಲ್ಲದೆ ಹುಟ್ಟುತ್ತದೆ, ಮೊದಲ ಕೆಲವು ಗಂಟೆಗಳಲ್ಲಿ ಕುಡಿದ ಗಿಣ್ಣುಹಾಲಿನಿಂದಲೇ ಅದಕ್ಕೆ ಎಲ್ಲ ಸಿಗಬೇಕು. ಗಿಣ್ಣಿನ ಆಸೆ ಎಷ್ಟೇ ಇದ್ದರೂ ಮೊದಲ ಹಾಲು ಕರುವಿಗೆ ಬಿಡಬೇಕೆಂಬುದಕ್ಕೆ ಇದಕ್ಕಿಂತ ಗಟ್ಟಿ ಕಾರಣ ಬೇಕಿಲ್ಲ.

ಬಾಗಿಲಿದ್ದ ಮೇಲೆ ಬೇಡದ್ದೂ ಬರುತ್ತದೆ. ತಾಯಿ ಆರ್‌ಎಚ್ ನೆಗೆಟಿವ್ ಆಗಿದ್ದು ಮಗುವಿನ ರಕ್ತದ ವಿರುದ್ಧ ಪ್ರತಿಕಾಯ ಬೆಳೆಸಿಕೊಂಡಿದ್ದರೆ ಅದೂ ಐಜಿಜಿಯೇ. ಅದೇ ಬಾಗಿಲಿನಿಂದ ಹೋಗಿ ಮಗುವಿನ ಕೆಂಪುಕಣ ಒಡೆಯುತ್ತದೆ. ಮದ್ಯ, ನಿಕೋಟಿನ್, ಹೆಚ್ಚಿನ ಮಾತ್ರೆಗಳು ಸಣ್ಣ ಅಣುಗಳಾದ್ದರಿಂದ ನಿರಾಯಾಸವಾಗಿ ದಾಟುತ್ತವೆ. ಮಾಸು ಒಂದು ಅಭೇದ್ಯ ಕೋಟೆ ಎಂಬ ವೈದ್ಯರ ನಂಬಿಕೆ ಪೂರ್ತಿ ಮುರಿದದ್ದು 1961ರಲ್ಲಿ. ಬಸಿರಿನ ವಾಂತಿಗೆಂದು ಯುರೋಪಿನಲ್ಲಿ ಮಾರಿದ ಥಾಲಿಡೊಮೈಡ್ ಮಾತ್ರೆಯಿಂದ ಸಾವಿರಾರು ಮಕ್ಕಳು ಕೈಕಾಲು ಬೆಳೆಯದೆ ಹುಟ್ಟಿದ್ದು ಆ ವರ್ಷ ಬಯಲಾಯಿತು.

ಹಾರ್ಮೋನುಗಳು

ಮಾಸು ತಾಯಿಯ ದೇಹಕ್ಕೆ ಆದೇಶ ಕಳಿಸುವ ಗ್ರಂಥಿಯೂ ಹೌದು. ಮೊದಲ ಆದೇಶ ಎಚ್‌ಸಿಜಿ. ಮುಟ್ಟು ತಪ್ಪಿದೊಡನೆ ಮೂತ್ರದ ಹನಿ ಹಾಕಿ ನೋಡುವ ಪಟ್ಟಿಯಲ್ಲಿ ಎರಡನೆಯ ಗೆರೆ ಮೂಡಿಸುವುದು ಇದೇ. ಅದು ಅಂಡಾಶಯದಲ್ಲಿ ಅಂಡ ಹೊರಬಂದ ಜಾಗದಲ್ಲಿ ಉಳಿದ ಹಳದಿ ಗಂಟಿಗೆ, ಬಾಡಬೇಡ, ಪ್ರೊಜೆಸ್ಟರಾನ್ ಮಾಡುತ್ತಲೇ ಇರು ಎಂದು ತಿಳಿಸುತ್ತದೆ. ಆ ಸಂದೇಶ ತಲುಪದಿದ್ದರೆ ಮುಟ್ಟಾಗಿ ಭ್ರೂಣ ಕಳಚಿಹೋಗುತ್ತದೆ. ಎಚ್‌ಸಿಜಿ ಮೊದಲ ವಾರಗಳಲ್ಲಿ ಎರಡು ಮೂರು ದಿನಕ್ಕೊಮ್ಮೆ ಇಮ್ಮಡಿಸಿ, ಎಂಟರಿಂದ ಹತ್ತನೆಯ ವಾರಕ್ಕೆ ತುದಿ ಮುಟ್ಟಿ, ಆಮೇಲೆ ಇಳಿಯುತ್ತದೆ.

ಇಳಿಯಲು ಕಾರಣ, ಅಷ್ಟರೊಳಗೆ ಮಾಸೇ ಪ್ರೊಜೆಸ್ಟರಾನ್ ತಯಾರಿಕೆಯನ್ನು ವಹಿಸಿಕೊಂಡಿರುತ್ತದೆ. 1970ರ ದಶಕದಲ್ಲಿ ಆರ್ಪಾಡ್ ಚಾಪೊ ಎಂಬ ವೈದ್ಯವಿಜ್ಞಾನಿ ಈ ಕೈಬದಲಾವಣೆಯ ಕಾಲವನ್ನು ಗುರುತಿಸಿದ. ಏಳನೆಯ ವಾರಕ್ಕೆ ಮುಂಚೆ ಹಳದಿ ಗಂಟನ್ನು ತೆಗೆದರೆ ಬಸಿರು ನಿಲ್ಲುವುದಿಲ್ಲ, ಒಂಬತ್ತನೆಯ ವಾರದ ನಂತರ ತೆಗೆದರೆ ನಿಲ್ಲುತ್ತದೆ. ಇಂದು ದಾನದ ಅಂಡದಿಂದ ಐವಿಎಫ್ ಮಾಡಿಸಿಕೊಂಡು ಹಳದಿ ಗಂಟೇ ಇಲ್ಲದ ಗರ್ಭಿಣಿಗೆ ಹತ್ತು ಹನ್ನೆರಡು ವಾರದವರೆಗೆ ಪ್ರೊಜೆಸ್ಟರಾನ್ ಕೊಟ್ಟು ನಂತರ ನಿಲ್ಲಿಸುವುದು ಈ ಲೆಕ್ಕದ ಮೇಲೆಯೇ. ದಿನ ತುಂಬುವಾಗ ಮಾಸು ತಾಯಿಯ ಕೊಲೆಸ್ಟರಾಲಿನಿಂದ ದಿನಕ್ಕೆ ಸುಮಾರು 250 ಮಿ.ಗ್ರಾಂ ಪ್ರೊಜೆಸ್ಟರಾನ್ ಮಾಡುತ್ತಿರುತ್ತದೆ. ಈಸ್ಟ್ರೋಜನ್ ಮಾತ್ರ ಅದೊಂದರ ಕೈಯಲ್ಲಾಗದು. ಬೇಕಾದ ಒಂದು ಕಿಣ್ವ ಮಾಸಿನಲ್ಲಿಲ್ಲ. ಮಗುವಿನ ಅಡ್ರಿನಲ್ ಗ್ರಂಥಿ ಕಚ್ಚಾ ಸರಕು ಕಳಿಸುತ್ತದೆ, ಮಾಸು ಅದನ್ನು ಈಸ್ಟ್ರೋಜನ್ ಆಗಿಸಿ ತಾಯಿಗೆ ಬಿಡುತ್ತದೆ.

ಮತ್ತೊಂದು ಹಾರ್ಮೋನ್ ಎಚ್‌ಪಿಎಲ್. ಮಾಸು ದೊಡ್ಡದಾದಂತೆ ಇದೂ ಹೆಚ್ಚುತ್ತದೆ. ಇದು ಮಾಸಿನ ಇತರ ಹಾರ್ಮೋನುಗಳ ಜೊತೆ ಸೇರಿ ತಾಯಿಯ ಮೈ ಇನ್ಸುಲಿನ್ನಿಗೆ ಸುಲಭವಾಗಿ ಬಗ್ಗದಂತೆ ಮಾಡುತ್ತದೆ. ತಾಯಿ ಸಕ್ಕರೆಯನ್ನು ಬೇಗ ಬಳಸದೆ ಕೊಬ್ಬನ್ನು ಉರಿಸುತ್ತಾಳೆ, ಸಕ್ಕರೆ ಮಗುವಿಗೆ ಉಳಿಯುತ್ತದೆ. ಹೆಚ್ಚಿನ ತಾಯಂದಿರ ಮೇದೋಜೀರಕ ಗ್ರಂಥಿ ಇನ್ನಷ್ಟು ಇನ್ಸುಲಿನ್ ಸುರಿಸಿ ಸರಿದೂಗಿಸುತ್ತದೆ. ಅದಾಗದವರಿಗೆ ಬಸಿರಿನ ಸಕ್ಕರೆ ಕಾಯಿಲೆ. ನಮ್ಮ ಆರೋಗ್ಯ ಕೇಂದ್ರಗಳಲ್ಲಿ 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆಯ ಮೇಲೆ ರಕ್ತ ನೋಡುತ್ತಾರೆ, 140 ಮಿ.ಗ್ರಾಂ ಅಥವಾ ಮೇಲಿದ್ದರೆ ಕಾಯಿಲೆ ಇದೆಯೆಂದು ಅರ್ಥ. ಮೊದಲ ಭೇಟಿಯಲ್ಲಿ ಸರಿಯಿದ್ದರೂ 24ರಿಂದ 28ನೆಯ ವಾರದಲ್ಲಿ ಮತ್ತೆ ನೋಡುವುದೇಕೆಂದರೆ, ಆ ಹೊತ್ತಿಗೆ ಮಾಸಿನ ಒತ್ತಾಯ ಜೋರಾಗಿರುತ್ತದೆ. ಮಾಸು ಬಿದ್ದ ಮೇಲೆ ಹೆಚ್ಚಿನವರಲ್ಲಿ ಸಕ್ಕರೆ ಬೇಗನೆ ಇಳಿಯುತ್ತದೆ.

ನಾಳಗಳು ಅಗಲವಾಗದಿದ್ದರೆ

ಮಾಸಿನ ತೊಂದರೆಗಳು ಹಲವು. ಅದು ಗರ್ಭಕೋಶದ ಬಾಯಿಗೆ ಅಡ್ಡವಾಗಿ ಕೂರಬಹುದು, ಹೆರಿಗೆಗೆ ಮುಂಚೆ ಕಳಚಬಹುದು, ಹಿಂದಿನ ಸಿಸೇರಿಯನ್ ಗಾಯದ ಕಲೆಯೊಳಗೆ ಬೇರುಬಿಟ್ಟು ಬಿಡಿಸಲಾಗದಂತೆ ಕಚ್ಚಿಕೊಳ್ಳಬಹುದು. ಇವುಗಳಲ್ಲಿ ಮಾಸಿನ ಕಟ್ಟಡಕ್ಕೆ ನೇರವಾಗಿ ಸಂಬಂಧಿಸಿದ್ದು ಪ್ರಿಎಕ್ಲಾಂಪ್ಸಿಯ, ಜನರ ಮಾತಿನಲ್ಲಿ ಬಸಿರಿನ ಬಿಪಿ.

ಇದರ ಬೀಜ ಬಿದ್ದಿರುವುದು ಇಪ್ಪತ್ತು ವಾರದೊಳಗೆ. ಟ್ರೋಫೋಬ್ಲಾಸ್ಟ್ ಕೋಶಗಳು ಆಳಕ್ಕೆ ಇಳಿಯದೆ ಕಿರುಧಮನಿಗಳ ಸ್ನಾಯು ಹಾಗೇ ಉಳಿಯುತ್ತದೆ. ನೀರು ಹಾಯಿಸುವ ಪೈಪಿನ ಬಾಯಿಗೆ ಬೆರಳು ಒತ್ತಿದಾಗ ಆಗುವಂತೆ ರಕ್ತ ಇರುಕು ಬಾಯಿಯಿಂದ ರಭಸವಾಗಿ ಚಿಮ್ಮಿ ಕೋಮಲವಾದ ವಿಲ್ಲಸ್‌ಗಳನ್ನು ಬಡಿಯುತ್ತದೆ, ಆದರೆ ಒಟ್ಟು ಬರುವ ರಕ್ತ ಸಾಲದು. ನೊಂದ ಮಾಸು ತಾಯಿಯ ರಕ್ತಕ್ಕೆ ಎಸ್‌ಎಫ್‌ಎಲ್‌ಟಿ-1 ಎಂಬ ಪ್ರೋಟೀನನ್ನು ಹೆಚ್ಚಾಗಿ ಬಿಡುತ್ತದೆ. ಅದು ತಾಯಿಯ ರಕ್ತನಾಳಗಳ ಒಳಪದರವನ್ನು ಆರೋಗ್ಯವಾಗಿಡುವ ಅಂಶಗಳನ್ನು ಹಿಡಿದು ಕಟ್ಟಿಹಾಕುತ್ತದೆ. ಪರಿಣಾಮ ಕಾಣುವುದು ಮಾಸಿನಿಂದ ದೂರದಲ್ಲಿ: ಮೂತ್ರಪಿಂಡ, ಯಕೃತ್ತು, ಮಿದುಳು, ಕಣ್ಣು.

ಒಂದು ಕಲ್ಪಿತ ಪ್ರಸಂಗ ನೋಡೋಣ. ಚೊಚ್ಚಲ ಬಸುರಿ, 30 ವಾರ. ಮುಖ ಮತ್ತು ಕೈ ಊದಿದೆ, ಉಂಗುರ ಬಿಗಿಯಾಗಿದೆ. ಬಿಪಿ 150/100, ನಾಲ್ಕು ಗಂಟೆ ಬಿಟ್ಟು ನೋಡಿದರೂ ಅಷ್ಟೇ, ಮೂತ್ರದಲ್ಲಿ ಪ್ರೋಟೀನ್. ಗಡಿ 140/90, ಇಪ್ಪತ್ತು ವಾರದ ನಂತರ ಹೊಸದಾಗಿ ಕಂಡದ್ದು. ರೋಗನಿರ್ಣಯಕ್ಕೆ ಇಷ್ಟು ಸಾಕು. ಸ್ಕ್ಯಾನಿನಲ್ಲಿ ಮಗುವಿನ ತಲೆಯ ಅಳತೆ ಹೆಚ್ಚುಕಡಿಮೆ ಸರಿಯಿದೆ, ಹೊಟ್ಟೆಯ ಸುತ್ತಳತೆ ಹಿಂದೆ ಬಿದ್ದಿದೆ. ಸಾಲದ ಪೂರೈಕೆಯಲ್ಲಿ ಮಗು ಮಿದುಳಿಗೆ ಉಳಿಸಿ, ಯಕೃತ್ತಿನ ದಾಸ್ತಾನಿಗೆ ಕಡಿಮೆ ಮಾಡಿದೆ. ಡಾಪ್ಲರ್ ಹಿಡಿದು ಹೊಕ್ಕುಳಬಳ್ಳಿಯ ಧಮನಿ ನೋಡುತ್ತಾರೆ. ಆರೋಗ್ಯದ ಮಾಸಿನಲ್ಲಿ ಮಗುವಿನ ಹೃದಯ ಎರಡು ಬಡಿತಗಳ ನಡುವೆ ವಿರಮಿಸಿದಾಗಲೂ ರಕ್ತ ಮಾಸಿನ ಕಡೆಗೆ ಮುಂದೆ ಹರಿಯುತ್ತಲೇ ಇರುತ್ತದೆ. ಈಕೆಯಲ್ಲಿ ಆ ಗಳಿಗೆ ಹರಿವು ನಿಂತುಬಿಡುತ್ತದೆ; ವಿಲ್ಲಸ್‌ಗಳ ಕಿರುನಾಳಗಳು ಎಷ್ಟೋ ಹಾಳಾಗಿವೆ ಎಂಬುದರ ಗುರುತು ಅದು. ಹಿಂದಕ್ಕೇ ಹರಿಯತೊಡಗಿದರೆ ಮಗು ಅಪಾಯದ ಅಂಚಿನಲ್ಲಿದೆ.

ಆಕೆಯನ್ನು ಒಳರೋಗಿಯಾಗಿ ಸೇರಿಸಿ, ಬಿಪಿ ಇಳಿಸುವ ಲ್ಯಾಬೆಟಲಾಲ್ ಅಥವಾ ನಿಫೆಡಿಪಿನ್ ಕೊಡುತ್ತಾರೆ. ಮಗುವಿನ ಶ್ವಾಸಕೋಶ ಬಲಿಯಲು ಸ್ಟೀರಾಯ್ಡ್ ಚುಚ್ಚುಮದ್ದು, ತಲೆನೋವು ಕಣ್ಣುಮಂಜಿನಂಥ ತೀವ್ರ ಲಕ್ಷಣ ಕಂಡರೆ ಫಿಟ್ಸ್ ತಡೆಯಲು ಮೆಗ್ನೀಷಿಯಂ ಸಲ್ಫೇಟ್. ಬಿಪಿ ಮಾತ್ರೆ ತಾಯಿಯ ಮಿದುಳನ್ನು ಕಾಪಾಡುತ್ತದೆಯೇ ಹೊರತು ಮಾಸನ್ನು ರಿಪೇರಿ ಮಾಡುವುದಿಲ್ಲ. ಕಾಯಿಲೆಗೆ ಪರಿಹಾರ ಮಾಸನ್ನು ಹೊರತೆಗೆಯುವುದೊಂದೇ. ಇಂಥ ಡಾಪ್ಲರ್ ಇದ್ದಾಗ ಸಾಮಾನ್ಯವಾಗಿ 34 ವಾರ ದಾಟಿಸುವುದಿಲ್ಲ; ದಿನದಿನವೂ ನೋಡಿಕೊಂಡು, ಒಳಗಿರುವುದಕ್ಕಿಂತ ಹೊರಗಿರುವುದು ಮೇಲೆಂದಾಗ ಹೆರಿಗೆ. ತಡೆಯುವ ದಾರಿಯಿರುವುದು ಮೊದಲಲ್ಲೇ. ಅಪಾಯ ಹೆಚ್ಚಿರುವವರಿಗೆ 16 ವಾರದೊಳಗೆ ಸಣ್ಣ ಪ್ರಮಾಣದ ಆಸ್ಪಿರಿನ್ ಆರಂಭಿಸಿದರೆ, ಅವಧಿಗೆ ಮುಂಚೆ ಕಾಣಿಸಿಕೊಳ್ಳುವ ಪ್ರಿಎಕ್ಲಾಂಪ್ಸಿಯ ಅರ್ಧಕ್ಕಿಂತ ಹೆಚ್ಚು ಇಳಿಯುತ್ತದೆಂದು 2017ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆ ತೋರಿಸಿತು. ನಾಳಗಳ ಕೆಲಸ ಮುಗಿದ ಮೇಲೆ ಶುರುಮಾಡಿದರೆ ಅಷ್ಟು ಪ್ರಯೋಜನವಿಲ್ಲ.

ಮಾಸು ಬೀಳುವುದು

ಮಗು ಹೊರಬಂದ ಮೇಲೆ ಗರ್ಭಕೋಶ ಕುಗ್ಗುತ್ತದೆ. ಕುಗ್ಗಲಾರದ ಮಾಸು ಗೋಡೆಯಿಂದ ಕಳಚುತ್ತದೆ. ಹೊಕ್ಕುಳಬಳ್ಳಿಯನ್ನು ತಕ್ಷಣ ಕತ್ತರಿಸದೆ ಒಂದರಿಂದ ಮೂರು ನಿಮಿಷ ಕಾದರೆ ಮಾಸಿನಲ್ಲಿ ಉಳಿದ ಮಗುವಿನದೇ ರಕ್ತ 80ರಿಂದ 100 ಮಿ.ಲೀ. ಮಗುವಿಗೆ ಸೇರುತ್ತದೆ, ಮುಂದಿನ ತಿಂಗಳುಗಳಿಗೆ ಕಬ್ಬಿಣದ ಗಂಟಾಗುತ್ತದೆ. ನಿಮಿಷಕ್ಕೆ 600 ಮಿ.ಲೀ. ರಕ್ತ ತರುತ್ತಿದ್ದ ಅಗಲ ಬಾಯಿಗಳಿಗೆ ಸ್ವಂತ ಸ್ನಾಯುವಿಲ್ಲ. ಸುತ್ತಲಿನ ಗರ್ಭಕೋಶದ ಸ್ನಾಯು ಹಿಂಡಿದರೆ ಮಾತ್ರ ಅವು ಮುಚ್ಚುತ್ತವೆ. ಹೆರಿಗೆಯಾದೊಡನೆ ತಾಯಿಗೆ ಆಕ್ಸಿಟೋಸಿನ್ ಚುಚ್ಚುಮದ್ದು ಕೊಡುವುದು ಆ ಹಿಂಡುವಿಕೆಗಾಗಿ. ಅರ್ಧ ಗಂಟೆಯಾದರೂ ಮಾಸು ಬೀಳದಿದ್ದರೆ ರಕ್ತಸ್ರಾವದ ಭಯವಿದೆ, ವೈದ್ಯರು ಕೈ ಹಾಕಿ ತೆಗೆಯಬೇಕಾಗಬಹುದು.

ಬಿದ್ದ ಮಾಸನ್ನು ಹಳ್ಳಿಗಳಲ್ಲಿ ಹಿತ್ತಲಲ್ಲೋ ಅಂಗಳದಲ್ಲೋ ಹೂಳುವ ವಾಡಿಕೆಯಿತ್ತು. ಆಸ್ಪತ್ರೆಯಲ್ಲಿ ಬಿಸಾಡುವ ಮುಂಚೆ ದಾದಿ ಅದನ್ನು ತಟ್ಟೆಯಲ್ಲಿಟ್ಟು ತಾಯಿಯ ಕಡೆಯ ಮೈ ಮೇಲಾಗಿ ಹರಡಿ, ರಕ್ತದ ಗಡ್ಡೆ ಒರೆಸಿ, ಹಾಲೆಗಳು ಒಂದಕ್ಕೊಂದು ಕೂಡಿಕೊಳ್ಳುತ್ತವೆಯೇ ಎಂದು ನೋಡುತ್ತಾಳೆ. ಆಮೇಲೆ ಪೊರೆಯನ್ನು ಎತ್ತಿ ಹಿಡಿದು ಅಂಚಿನಲ್ಲಿ ತುಂಡಾದ ರಕ್ತನಾಳವೇನಾದರೂ ಇದೆಯೇ ಎಂದು ಪರೀಕ್ಷಿಸುತ್ತಾಳೆ. ಇದ್ದರೆ ಬೇರೆಯಾದ ಒಂದು ಹಾಲೆ ಒಳಗೇ ಉಳಿದಿದೆ ಎಂದು ಅರ್ಥ. ಉಳಿದ ತುಣುಕು ಗರ್ಭಕೋಶವನ್ನು ಪೂರ್ತಿ ಕುಗ್ಗಗೊಡುವುದಿಲ್ಲ, ರಕ್ತ ಹೋಗುತ್ತಲೇ ಇರುತ್ತದೆ, ನಂಜೂ ಆಗಬಹುದು. ಹಾಲಿಗೂ ಇದರ ನಂಟಿದೆ. ಮಾಸು ಬಿದ್ದು ಪ್ರೊಜೆಸ್ಟರಾನ್ ದಿಢೀರನೆ ಇಳಿದರೇ ಎರಡು ಮೂರು ದಿನದಲ್ಲಿ ಎದೆಹಾಲು ತುಂಬಿ ಇಳಿಯುವುದು. ಒಳಗುಳಿದ ತುಣುಕು ಹಾರ್ಮೋನ್ ಮಾಡುತ್ತಲೇ ಇದ್ದರೆ ಅದು ತಡವಾಗುತ್ತದೆ. ನಾಲ್ಕೈದು ದಿನವಾದರೂ ಹಾಲು ಇಳಿಯದ, ರಕ್ತಸ್ರಾವವೂ ನಿಲ್ಲದ ಬಾಣಂತಿಗೆ ಆಹಾರ ಬದಲಿಸಿ ನೋಡುವ ಮೊದಲು ಹೊಟ್ಟೆಯ ಸ್ಕ್ಯಾನ್ ಮಾಡಿಸಬೇಕು.